ಐಡೆಂಪೊಟೆಂಟ್ ಪಾವತಿ ಕೋರಿಕೆ

ಒಂದೇ ಪಾವತಿಯ ಕೋರಿಕೆ ಸರ್ವರಿಗೆ ಎಷ್ಟು ಸಲ ಬಂದು ಮುಟ್ಟಿದರೂ ಚಂದಾದಾರರ ಹಣ ಒಂದೇ ಸಲ ಕಡಿತವಾಗಬೇಕು, ಪ್ರತಿ ಸಲವೂ ಮೊದಲಿನ ಉತ್ತರವೇ ಸಿಗಬೇಕು. ಈ ಗುಣವಿರುವ ಕೋರಿಕೆಯನ್ನು ತಂತ್ರಾಂಶ ಕ್ಷೇತ್ರದಲ್ಲಿ ಐಡೆಂಪೊಟೆಂಟ್ ಕೋರಿಕೆ ಎನ್ನುತ್ತಾರೆ. ಮೊಬೈಲ್ ರೀಚಾರ್ಜ್, ಬ್ರಾಡ್‌ಬ್ಯಾಂಡ್ ಬಿಲ್, ಡಿಟಿಎಚ್, ಪತ್ರಿಕೆಯ ಚಂದಾ ಹೀಗೆ ತಿಂಗಳು ತಿಂಗಳು ಮರಳಿ ಬರುವ ಪಾವತಿಗಳಲ್ಲಿ ಇದರ ಅಗತ್ಯ ಹೆಚ್ಚು. ಮೊತ್ತ ಚಿಕ್ಕದು, ಸಂಖ್ಯೆ ದೊಡ್ಡದು. ಎರಡು ಸಲ ಕಡಿತವಾದದ್ದನ್ನು ಅನೇಕರು ಗಮನಿಸುವುದೂ ಇಲ್ಲ.

ಉತ್ತರ ಬಾರದಿದ್ದಾಗ

ಸಿಗ್ನಲ್ ಸರಿಯಿಲ್ಲದ ಜಾಗದಲ್ಲಿ ಫೋನು ಒಂದು ಪಾವತಿ ಕೋರಿಕೆ ಕಳಿಸಿ ಹತ್ತು ಸೆಕೆಂಡು ಕಾಯುತ್ತದೆ, ಉತ್ತರ ಬರುವುದಿಲ್ಲ. ಕೋರಿಕೆ ಸರ್ವರನ್ನು ಮುಟ್ಟದೆಯೇ ಹೋಗಿರಬಹುದು. ಮುಟ್ಟಿ, ಕೆಲಸ ಇನ್ನೂ ನಡೆಯುತ್ತಿರಬಹುದು. ಅಥವಾ ಹಣ ಕಡಿತವಾಗಿ, ಉತ್ತರ ಮಾತ್ರ ಹಿಂದಿರುಗುವ ದಾರಿಯಲ್ಲಿ ಕಳೆದುಹೋಗಿರಬಹುದು. ಫೋನಿನ ಕಡೆಯಿಂದ ಈ ಮೂರಕ್ಕೂ ಲವಲೇಶ ವ್ಯತ್ಯಾಸ ಕಾಣುವುದಿಲ್ಲ. ಇದು ಇಂದಿನ ಮೊಬೈಲ್ ಜಾಲಗಳ ದೋಷವಲ್ಲ. ಸಂದೇಶ ಕಳೆದುಹೋಗಬಹುದಾದ ದಾರಿಯಲ್ಲಿ ಎರಡು ಕಡೆಯವರು ಖಚಿತವಾದ ಒಮ್ಮತಕ್ಕೆ ಬರಲಾರರು ಎಂದು ಅಕ್ಕೊಯುನ್ಲು, ಏಕನಾಥಂ ಮತ್ತು ಹ್ಯೂಬರ್ 1975ರಲ್ಲೇ ತೋರಿಸಿದ್ದರು. 1978ರಲ್ಲಿ ಜಿಮ್ ಗ್ರೇ ಅದಕ್ಕೆ ‘ಇಬ್ಬರು ದಂಡನಾಯಕರ ವಿರೋಧಾಭಾಸ’ ಎಂಬ ಹೆಸರು ಕೊಟ್ಟರು. ನೆಟ್‌ವರ್ಕ್ ಎಷ್ಟೇ ಸುಧಾರಿಸಲಿ, ಈ ಅನುಮಾನದ ಕಿಂಡಿ ಕಿರಿದಾಗುತ್ತದೆಯೇ ಹೊರತು ಮುಚ್ಚುವುದಿಲ್ಲ.

ಉತ್ತರ ಬಾರದಿದ್ದಾಗ ಉಳಿದ ದಾರಿ ಮತ್ತೆ ಕಳಿಸುವುದು. ಚಂದಾದಾರರು ಗುಂಡಿಯನ್ನು ಮತ್ತೊಮ್ಮೆ ಒತ್ತುವುದು ಇದರ ಕಣ್ಣಿಗೆ ಕಾಣುವ ರೂಪ. ಒಮ್ಮೆ ಒತ್ತಿದ ಗುಂಡಿಯನ್ನು ನಿಷ್ಕ್ರಿಯಗೊಳಿಸಿದರೆ ಸಾಕೆಂದು ನಂಬುವವರು ಇದನ್ನಷ್ಟೇ ನೋಡಿರುತ್ತಾರೆ. ಆದರೆ ಫೋನಿನೊಳಗಿನ ನೆಟ್‌ವರ್ಕ್ ಲೈಬ್ರರಿಯೇ ಸಂಪರ್ಕ ಕಡಿದಾಗ ಮತ್ತೆ ಯತ್ನಿಸಬಹುದು. ದಾರಿಯಲ್ಲಿರುವ ಪ್ರಾಕ್ಸಿ ಸರ್ವರ್, ಒಂದು ಯಂತ್ರ ಉತ್ತರಿಸದಿದ್ದರೆ ಅದೇ ಕೋರಿಕೆಯನ್ನು ಇನ್ನೊಂದು ಯಂತ್ರಕ್ಕೆ ದಾಟಿಸಬಹುದು. ಎನ್‌ಜಿನ್‌ಎಕ್ಸ್ ತನ್ನ 1.9.13ನೇ ಆವೃತ್ತಿಯಿಂದ, ಒಮ್ಮೆ ಕಳಿಸಿದ `POST` ಕೋರಿಕೆಯನ್ನು ತಾನಾಗಿ ಮುಂದಿನ ಯಂತ್ರಕ್ಕೆ ಕಳಿಸುವುದನ್ನು ನಿಲ್ಲಿಸಿತು. ಬೇಕೇಬೇಕೆಂದವರು `non_idempotent` ಎಂದು ಬರೆದು ಅದನ್ನು ಮರಳಿ ಪಡೆಯಬೇಕು. ಎಚ್‌ಟಿಟಿಪಿ ಪ್ರಮಾಣವೂ (ಈಗಿನದು 2022ರ ಆರ್‌ಎಫ್‌ಸಿ 9110) `PUT`, `DELETE` ಕೋರಿಕೆಗಳನ್ನು ಮತ್ತೆ ಕಳಿಸಿದರೆ ಪರಿಣಾಮ ಬದಲಾಗಬಾರದು ಎನ್ನುತ್ತದೆ. `POST`ಗೆ ಆ ಭರವಸೆ ಇಲ್ಲ. ಪಾವತಿ ಕೋರಿಕೆಗಳಲ್ಲಿ ಹೆಚ್ಚಿನವು `POST` ಆಗಿಯೇ ಹೋಗುತ್ತವೆ.

ಹಳೆಯ ಬೇರು

ಈ ಸಮಸ್ಯೆ ಆ್ಯಪ್‌ಗಳಿಗಿಂತ ಹಳೆಯದು. ಕಾರ್ಡ್ ಯಂತ್ರ ಮತ್ತು ಎಟಿಎಂಗಳು ಬ್ಯಾಂಕಿನೊಡನೆ ಮಾತಾಡಲು ಬಳಸುವ ಐಎಸ್‌ಒ 8583 ಪ್ರಮಾಣದಲ್ಲಿ (ಮೊದಲ ಆವೃತ್ತಿ 1987) ಪ್ರತಿ ಸಂದೇಶಕ್ಕೂ ನಾಲ್ಕಂಕಿಯ ಒಂದು ಬಗೆಸಂಖ್ಯೆ ಇದೆ. ಹಣಕಾಸಿನ ಕೋರಿಕೆ 0200. ಉತ್ತರ ಬಾರದೆ ಅದನ್ನೇ ಮತ್ತೆ ಕಳಿಸಿದರೆ ಕೊನೆಯ ಅಂಕಿ ಬದಲಾಗಿ 0201 ಆಗುತ್ತದೆ: ‘ಇದು ಹೊಸದಲ್ಲ, ಹಿಂದಿನದರ ಪುನರಾವರ್ತನೆ’ ಎಂದು ಕಳಿಸುವವರೇ ಹೇಳಿಬಿಡುತ್ತಾರೆ. 11ನೇ ಅಂಕಣದಲ್ಲಿ ಆರಂಕಿಯ ಜಾಡುಸಂಖ್ಯೆ, 37ನೇ ಅಂಕಣದಲ್ಲಿ ಹನ್ನೆರಡು ಅಕ್ಷರಗಳ ಆರ್‌ಆರ್‌ಎನ್ ಇರುತ್ತವೆ. ಇವನ್ನು ನೋಡಿ ಎರಡು ಸಂದೇಶಗಳು ಒಂದೇ ವ್ಯವಹಾರದವೇ ಎಂದು ಬ್ಯಾಂಕು ತೀರ್ಮಾನಿಸುತ್ತದೆ. ಬ್ಯಾಂಕಿನ ಗ್ರಾಹಕ ಸೇವೆಯವರು ಇಂದಿಗೂ ಕೇಳುವ ‘ಆರ್‌ಆರ್‌ಎನ್ ನಂಬರ್’ ಅಲ್ಲಿಂದ ಬಂದದ್ದು. ಅದಕ್ಕೂ ಹಿಂದೆ ಚೆಕ್ಕಿನ ಸಂಖ್ಯೆ ಇದೇ ಕೆಲಸ ಮಾಡುತ್ತಿತ್ತು: ಒಮ್ಮೆ ನಗದಾದ ಸಂಖ್ಯೆಯ ಚೆಕ್ಕು ಮತ್ತೆ ಬಂದರೆ ಗುಮಾಸ್ತರು ಮೊತ್ತ ನೋಡುವ ಗೊಡವೆಗೇ ಹೋಗುತ್ತಿರಲಿಲ್ಲ.

ಕೋರಿಕೆಗೊಂದು ಗುರುತುಸಂಖ್ಯೆ ಕೊಡುವ ಈ ಪದ್ಧತಿಯನ್ನು ವೆಬ್ ಪಾವತಿಗಳಲ್ಲಿ ಜನಪ್ರಿಯಗೊಳಿಸಿದ್ದು ಅಮೆರಿಕದ ಸ್ಟ್ರೈಪ್ ಕಂಪನಿಯ `Idempotency-Key` ಎಂಬ ಹೆಡರ್. ಅದನ್ನು ಪ್ರಮಾಣವಾಗಿಸುವ ಕರಡೊಂದು ಐಇಟಿಎಫ್‌ನಲ್ಲಿ ಸಿದ್ಧವಾಗಿದೆ. ಬೆಂಗಳೂರಿನ ರೇಜರ್‌ಪೇ ತನ್ನ ಹಣ ರವಾನೆ ಸೇವೆಯಲ್ಲಿ `X-Payout-Idempotency` ಎಂಬ ಹೆಡರ್ ಬಳಸುತ್ತದೆ. ಆಫ್ರಿಕಾದ ಎಂಟಿಎನ್ ಮೊಮೊ ಸೇವೆಯಲ್ಲಿ `X-Reference-Id` ಇದೇ ಪಾತ್ರ ವಹಿಸುತ್ತದೆ. ಬಳಸಿದ ಸಂಖ್ಯೆಯನ್ನೇ ಮತ್ತೆ ಕಳಿಸಿದರೆ ಅದು 409 ಎಂದು ತಿರಸ್ಕರಿಸುತ್ತದೆ. ಹೆಸರು ಬೇರೆ ಬೇರೆ, ಒಳಗಿನ ಹುರುಳು ಒಂದೇ.

ಕೀ ಯಾವುದನ್ನು ಗುರುತಿಸುತ್ತದೆ

ಈ ಹೆಡರ್‌ನಲ್ಲಿ ಹೋಗುವ ಕೀ ಗುರುತಿಸುವುದು ವ್ಯಕ್ತಿಯನ್ನಲ್ಲ, ಮೊತ್ತವನ್ನಲ್ಲ, ಕಳಿಸಿದ ಒಂದೊಂದು ಯತ್ನವನ್ನೂ ಅಲ್ಲ. ಅದು ಗುರುತಿಸುವುದು ಪಾವತಿ ಮಾಡುವ ಒಂದು ಉದ್ದೇಶವನ್ನು. ಇದೇ ಖಾತೆಯಿಂದ ಐದು ನಿಮಿಷದೊಳಗೆ ಇದೇ ಮೊತ್ತ ಬಂದರೆ ನಕಲು ಎಂದು ಬಿಸಾಕುವ ಅಡ್ಡದಾರಿಯನ್ನು ಕೆಲವರು ಹಿಡಿಯುತ್ತಾರೆ. ಒಂದೇ ನಂಬರಿಗೆ ಎರಡು ತಿಂಗಳ ಪ್ಲಾನನ್ನು ಒಂದರ ಹಿಂದೊಂದು ಮುಂಗಡವಾಗಿ ಹಾಕಿಸಿಕೊಳ್ಳಲು ಹೊರಟ ಗ್ರಾಹಕರ ನಿಜವಾದ ಎರಡನೆಯ ಪಾವತಿ ಆಗ ನಿಂತುಹೋಗುತ್ತದೆ. ಆರನೆಯ ನಿಮಿಷಕ್ಕೆ ಬಂದ ನಕಲು ಮಾತ್ರ ಸಲೀಸಾಗಿ ಒಳಗೆ ನುಗ್ಗುತ್ತದೆ.

ಕೀ ಹುಟ್ಟಬೇಕಾದದ್ದು ಫೋನಿನಲ್ಲಿ, ‘ಪಾವತಿಸಿ’ ಗುಂಡಿ ಒತ್ತಿದ ಗಳಿಗೆಯಲ್ಲಿ, ಕೋರಿಕೆ ಹೊರಡುವ ಮೊದಲು. ಸಾಮಾನ್ಯವಾಗಿ ಅದು ಯಾದೃಚ್ಛಿಕವಾದ ಒಂದು ಯುಯುಐಡಿ. ಅದನ್ನು ಫೋನಿನ ಸ್ಮೃತಿಯಲ್ಲಷ್ಟೇ ಅಲ್ಲ, ಸಂಗ್ರಹದಲ್ಲೂ ಬರೆದಿಡಬೇಕು. ಏಕೆಂದರೆ ಕಾದು ಬೇಸತ್ತವರು ಮೊದಲು ಮಾಡುವುದು ಆ್ಯಪನ್ನು ಮುಚ್ಚಿ ತೆರೆಯುವುದನ್ನೇ. ಕೀ ಆಗ ಮಾಯವಾದರೆ ಮುಂದಿನ ಯತ್ನ ಹೊಸ ಪಾವತಿಯಾಗುತ್ತದೆ. ಕ್ಷೇತ್ರದಲ್ಲಿ ಪದೇ ಪದೇ ಕಾಣುವ ದೋಷವೂ ಇಲ್ಲಿಯದೇ: ಕೀ ತಯಾರಿಸುವ ಸಾಲನ್ನು ಮರುಯತ್ನದ ಲೂಪಿನ ಹೊರಗೆ ಬರೆಯುವ ಬದಲು ಒಳಗೆ ಬರೆದುಬಿಡುವುದು. ಆಗ ಪ್ರತಿ ಯತ್ನಕ್ಕೂ ಹೊಸ ಕೀ. ಹೆಡರ್ ಇದೆ, ಸರ್ವರಿನಲ್ಲಿ ಪಟ್ಟಿ ಇದೆ, ಕೋಡ್ ಪರಿಶೀಲಿಸುವವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ರಕ್ಷಣೆ ಮಾತ್ರ ಸೊನ್ನೆ. ಪತ್ತೆ ಮಾಡುವುದು ಸುಲಭ: ಸರ್ವರಿನ ದಾಖಲೆಯಲ್ಲಿ ಒಂದೇ ಕೀ ಎರಡನೆಯ ಸಲ ಬಂದ ಉದಾಹರಣೆಯೇ ಇಲ್ಲದಿದ್ದರೆ, ನೆಟ್‌ವರ್ಕ್ ಅದ್ಭುತವಾಗಿದೆ ಎಂದಲ್ಲ, ಕೀ ತಪ್ಪು ಜಾಗದಲ್ಲಿ ಹುಟ್ಟುತ್ತಿದೆ ಎಂದರ್ಥ.

ಸರ್ವರಿನ ಕಡೆ

ಸರ್ವರ್ ಬಂದ ಕೀಗಳನ್ನು ಡೇಟಾಬೇಸಿನ ಒಂದು ಪಟ್ಟಿಯಲ್ಲಿ ದಾಖಲಿಸುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಅದರ ಸರಳ ರೂಪ ಹೀಗಿರಬಹುದು:

```sql
CREATE TABLE payment_request (
  account_id  bigint NOT NULL,
  idem_key    text   NOT NULL,
  body_hash   text   NOT NULL,
  state       text   NOT NULL DEFAULT 'started',
  http_status int,
  response    jsonb,
  created_at  timestamptz NOT NULL DEFAULT now(),
  PRIMARY KEY (account_id, idem_key)
);
```

ಕೊನೆಯ ಸಾಲಿನಲ್ಲಿ ಇಡೀ ಪದ್ಧತಿಯ ಜೀವ ಇದೆ. ಕೀ ಪಟ್ಟಿಯಲ್ಲಿದೆಯೇ ಎಂದು ಮೊದಲು `SELECT` ಮಾಡಿ ನೋಡಿ, ಇಲ್ಲದಿದ್ದರೆ ಸೇರಿಸುವ ಕ್ರಮ ತಪ್ಪು. ಎರಡು ನಕಲುಗಳು ಒಂದೇ ಕ್ಷಣಕ್ಕೆ ಎರಡು ಯಂತ್ರಗಳಿಗೆ ಬಂದರೆ ಎರಡೂ ‘ಇಲ್ಲ’ ಎಂಬ ಉತ್ತರ ಪಡೆದು ಎರಡೂ ಮುಂದೆ ಹೋಗುತ್ತವೆ. ಆದ್ದರಿಂದ ನೋಡುವ ಹೆಜ್ಜೆಯನ್ನು ಬಿಟ್ಟು ನೇರವಾಗಿ ಸೇರಿಸಲು ಯತ್ನಿಸಬೇಕು:

```sql
INSERT INTO payment_request (account_id, idem_key, body_hash)
VALUES ($1, $2, $3)
ON CONFLICT DO NOTHING
RETURNING idem_key;
```

ಸಾಲು ಮರಳಿ ಬಂದರೆ ಈ ಕೋರಿಕೆಯೇ ಮೊದಲನೆಯದು, ಕೆಲಸ ಮಾಡಬೇಕಾದದ್ದು ಇದೇ. ಏನೂ ಮರಳದಿದ್ದರೆ ಬೇರೊಂದು ಈಗಾಗಲೇ ಬಂದಿದೆ. ಯಾರು ಮೊದಲು ಎಂಬ ತೀರ್ಪನ್ನು ಡೇಟಾಬೇಸಿನ ಅನನ್ಯತೆಯ ನಿಯಮ ಕೊಡುತ್ತದೆ, ಪ್ರೋಗ್ರಾಮರರ `if` ಅಲ್ಲ. ಕೀಯ ಜೊತೆ ಖಾತೆಯ ಸಂಖ್ಯೆಯನ್ನೂ ಸೇರಿಸಿರುವುದಕ್ಕೆ ಕಾರಣವಿದೆ: ಒಬ್ಬರ ಕೀಯನ್ನು ಇನ್ನೊಬ್ಬರು ಕಳಿಸಿ ಅವರ ಪಾವತಿಯ ವಿವರ ಪಡೆಯುವಂತಾಗಬಾರದು. `body_hash` ಎಂಬುದು ಕೋರಿಕೆಯ ಒಡಲಿನ ಹ್ಯಾಶ್. ಅದೇ ಕೀ, ಆದರೆ 299 ಇದ್ದ ಮೊತ್ತ 599 ಆಗಿ ಬಂದರೆ ಅದು ಮರುಯತ್ನವಲ್ಲ, ಕಳಿಸುವವರ ತಪ್ಪು. ಹಳೆಯ ಉತ್ತರ ಕೊಡುವ ಬದಲು ದೋಷ ಎಂದು ಹೇಳಬೇಕು. ಐಇಟಿಎಫ್ ಕರಡು ಇದಕ್ಕೆ 422, ಮೊದಲನೆಯದು ಇನ್ನೂ ನಡೆಯುತ್ತಿರುವಾಗ ಬಂದ ನಕಲಿಗೆ 409 ಎಂದು ಸೂಚಿಸುತ್ತದೆ.

ಒಂದು ಉದಾಹರಣೆಯನ್ನು ಸೆಕೆಂಡು ಸೆಕೆಂಡಾಗಿ ನೋಡಬಹುದು. 299 ರೂಪಾಯಿಯ ಮಾಸಿಕ ಪ್ಲಾನಿನ ಚಂದಾದಾರರೊಬ್ಬರು ರಾತ್ರಿ 8:15:00ಕ್ಕೆ ಗುಂಡಿ ಒತ್ತುತ್ತಾರೆ. ಆ್ಯಪ್ ಕೀ ತಯಾರಿಸಿ, ಬರೆದಿಟ್ಟು, ಕೋರಿಕೆ ಕಳಿಸುತ್ತದೆ. ಸಿಗ್ನಲ್ ಕ್ಷೀಣವಾದ್ದರಿಂದ ಅದು ಸರ್ವರ್ ಮುಟ್ಟುವುದು 8:15:03ಕ್ಕೆ. ಸರ್ವರ್ ಸಾಲು ಸೇರಿಸಿ, ಆ ಸೇರಿಕೆಯನ್ನು ಕಮಿಟ್ ಮಾಡಿ, ಆಮೇಲೆ ಪಾವತಿ ಗೇಟ್‌ವೇಯನ್ನು ಕರೆಯುತ್ತದೆ. 8:15:07ಕ್ಕೆ ‘ಹಣ ಬಂತು’ ಎಂದು ಗೇಟ್‌ವೇ ಹೇಳುತ್ತದೆ. ಸರ್ವರ್ ಸಾಲಿನ ಸ್ಥಿತಿಯನ್ನು `done` ಎಂದು ಬದಲಿಸಿ, ಉತ್ತರವನ್ನು ಅದೇ ಸಾಲಿನಲ್ಲಿ ಬರೆದು, ಫೋನಿಗೆ ಕಳಿಸುತ್ತದೆ. ಅಷ್ಟರಲ್ಲಿ ಫೋನು ಟವರ್ ಬದಲಿಸಿದೆ, ಉತ್ತರ ಸೇರುವುದಿಲ್ಲ. 8:15:10ಕ್ಕೆ ಆ್ಯಪಿನ ಕಾಯುವ ಅವಧಿ ಮುಗಿಯುತ್ತದೆ. ಎರಡು ಸೆಕೆಂಡು ಬಿಟ್ಟು ಅದೇ ಕೀಯೊಡನೆ ಮತ್ತೆ ಕಳಿಸುತ್ತದೆ. ಈಗ `INSERT` ಏನನ್ನೂ ಮರಳಿಸುವುದಿಲ್ಲ, ಸಾಲು `done` ಆಗಿದೆ, ಉಳಿಸಿಟ್ಟ ಉತ್ತರ ಹೊರಡುತ್ತದೆ. ಗೇಟ್‌ವೇ ಕಡೆಗೆ ಯಾರೂ ಹೋಗಲಿಲ್ಲ.

ಇದೇ ಮರುಯತ್ನ 8:15:05ಕ್ಕೇ ಬಂದಿದ್ದರೆ ಸಾಲು `started` ಎಂದಿರುತ್ತಿತ್ತು. ಆಗ 409 ಹೇಳಿ ‘ಸ್ವಲ್ಪ ತಡೆದು ಕೇಳು’ ಎನ್ನಬೇಕು. ಕಮಿಟ್ ಮಾಡಿದ ಮೇಲೆಯೇ ಗೇಟ್‌ವೇಯನ್ನು ಕರೆಯಬೇಕೆನ್ನುವುದೂ ಸುಮ್ಮನೆ ಅಲ್ಲ. ಒಂದೇ ಟ್ರಾನ್ಸಾಕ್ಷನ್ನಿನೊಳಗೆ ಸೇರಿಸಿ, ಗೇಟ್‌ವೇ ಕರೆದು, ನಂತರ ಕಮಿಟ್ ಮಾಡುವ ಕ್ರಮದಲ್ಲಿ ಮಧ್ಯೆ ಯಂತ್ರ ಕೆಟ್ಟರೆ ಡೇಟಾಬೇಸ್ ಸಾಲನ್ನು ಹಿಂದಕ್ಕೆ ತೆಗೆದುಬಿಡುತ್ತದೆ. ಬ್ಯಾಂಕಿನಲ್ಲಿ ಕಡಿತವಾದ ಹಣವನ್ನು ಹಿಂದಕ್ಕೆ ತೆಗೆಯುವ ಶಕ್ತಿ ಅದಕ್ಕಿಲ್ಲ. ಕಡಿತವಾಗಿದೆ, ಕುರುಹಿಲ್ಲ, ಮುಂದಿನ ಮರುಯತ್ನ ಹೊಸದಾಗಿ ಕಂಡು ಎರಡನೆಯ ಕಡಿತ ಆಗುತ್ತದೆ.

ಸರ್ವರ್ ಮತ್ತು ಗೇಟ್‌ವೇ ನಡುವೆ

ಈ ವಿಷಯದ ಕಷ್ಟವಾದ ಭಾಗ ಇಲ್ಲಿದೆ. ಗೇಟ್‌ವೇಯನ್ನು ಕರೆದ ನಂತರ, ಉತ್ತರ ಬರೆದುಕೊಳ್ಳುವ ಮೊದಲು ಸರ್ವರ್ ನಿಂತುಹೋದರೆ ಸಾಲು `started` ಸ್ಥಿತಿಯಲ್ಲೇ ಉಳಿಯುತ್ತದೆ. ಫೋನಿಗೆ ಮೊದಲು ಇದ್ದ ಅನುಮಾನ ಈಗ ಸರ್ವರಿಗೆ ಬಂದಿದೆ: ಕಡಿತವಾಯಿತೋ ಇಲ್ಲವೋ? ಇಂಥ ಸಾಲುಗಳನ್ನು ಹುಡುಕಿ ಮುಗಿಸಲು ಹಿನ್ನೆಲೆಯಲ್ಲಿ ಒಂದು ಪ್ರೋಗ್ರಾಂ ಓಡುತ್ತಿರಬೇಕು. ಆದರೆ ಅದು ಸಾಲು ಹಳೆಯದಾಯಿತೆಂದು ಗೇಟ್‌ವೇಯನ್ನು ಕುರುಡಾಗಿ ಮತ್ತೆ ಕರೆದರೆ, ಫೋನಿನ ಕಡೆ ಮುಚ್ಚಿದ ಬಾಗಿಲನ್ನು ಹಿತ್ತಲಲ್ಲಿ ತೆರೆದಂತೆ.

ಗೇಟ್‌ವೇ ತಾನೂ ಕೀಯನ್ನು ಗೌರವಿಸುವುದಾದರೆ ದಾರಿ ಸುಗಮ. ಆ ಸಾಲಿಗೆಂದೇ ನಿಗದಿಯಾದ ಕೀಯನ್ನು ಕರೆಗೆ ಮೊದಲೇ ಡೇಟಾಬೇಸಿನಲ್ಲಿ ಬರೆದಿಟ್ಟು, ಅದೇ ಕೀಯಿಂದ ಮತ್ತೆ ಕರೆದರೆ ಅದು ಮೊದಲ ಫಲಿತಾಂಶವನ್ನೇ ಹೇಳುತ್ತದೆ. ಕೀ ಹೀಗೆ ಕೊಂಡಿಯಿಂದ ಕೊಂಡಿಗೆ ಮುಂದುವರಿಯಬೇಕು. ಕೆಲಸವನ್ನು ಹಂತಗಳಾಗಿ ಒಡೆದು ಪ್ರತಿ ಹಂತ ಮುಗಿದಾಗ ಎಲ್ಲಿಗೆ ಬಂದೆವೆಂದು ಸಾಲಿನಲ್ಲಿ ಗುರುತು ಹಾಕುವ ಕ್ರಮವನ್ನು, ಆಗ ಸ್ಟ್ರೈಪ್‌ನಲ್ಲಿದ್ದ ಎಂಜಿನಿಯರ್ ಬ್ರಾಂಡರ್ ಲೀಚ್ 2017ರ ಲೇಖನವೊಂದರಲ್ಲಿ ಪೋಸ್ಟ್‌ಗ್ರೆಸ್ ಕೋಡಿನೊಂದಿಗೆ ವಿವರಿಸಿದ್ದಾರೆ.

ಗೇಟ್‌ವೇಗೆ ಆ ಸೌಲಭ್ಯ ಇಲ್ಲದಿದ್ದರೆ ಸ್ಥಿತಿ ವಿಚಾರಿಸಬೇಕು: ಈ ಆರ್ಡರ್ ಸಂಖ್ಯೆಯ ಪಾವತಿ ಏನಾಯಿತು? ‘ಆಗಿದೆ’, ‘ತಿರಸ್ಕೃತ’ ಎಂಬ ಉತ್ತರಗಳು ಖಚಿತ. ‘ಅಂಥದ್ದು ಕಂಡುಬಂದಿಲ್ಲ’ ಎಂಬ ಉತ್ತರ ಮಾತ್ರ ಮೋಸದ್ದು. ಮೊದಲ ಕರೆ ಇನ್ನೂ ಎಲ್ಲೋ ಸರದಿಯಲ್ಲಿ ನಿಂತಿದ್ದು, ವಿಚಾರಣೆಯೇ ಅದನ್ನು ದಾಟಿ ಮುಂದೆ ಬಂದಿರಬಹುದು. ಇದನ್ನು ನಂಬಿ ತಕ್ಷಣ ಮತ್ತೆ ಕಡಿತಕ್ಕೆ ಕಳಿಸಿದರೆ ಎರಡೂ ಯಶಸ್ವಿಯಾಗುತ್ತವೆ. ಒಂದೋ ಆ ಆರ್ಡರನ್ನು ಮೊದಲು ರದ್ದುಪಡಿಸಬೇಕು, ಇಲ್ಲವೇ ಅದರ ಅವಧಿ ಮುಗಿಯುವವರೆಗೆ ಕಾಯಬೇಕು. ಅಲ್ಲಿಯವರೆಗೆ ಚಂದಾದಾರರಿಗೆ ಹೇಳಬಹುದಾದ ಪ್ರಾಮಾಣಿಕ ಮಾತು ‘ಬಾಕಿ ಇದೆ’ ಎಂಬುದೊಂದೇ. ‘ವಿಫಲವಾಗಿದೆ, ಮತ್ತೆ ಯತ್ನಿಸಿ’ ಎಂದು ಪರದೆಯ ಮೇಲೆ ತೋರಿಸುವ ಆ್ಯಪು ಎರಡನೆಯ ಕಡಿತಕ್ಕೆ ತಾನೇ ಆಹ್ವಾನ ಕೊಡುತ್ತದೆ.

ನಿಜವಾದ ನಿರಾಕರಣೆಯ ಕಥೆ ಬೇರೆ. ಖಾತೆಯಲ್ಲಿ ಹಣವಿಲ್ಲವೆಂದು ಬ್ಯಾಂಕು ಹೇಳಿದರೆ ಅದೂ ಒಂದು ಮುಗಿದ ಫಲಿತಾಂಶ; ಅದೇ ಕೀಗೆ ಅದೇ ನಿರಾಕರಣೆ ಮರಳುತ್ತದೆ. ಸ್ಟ್ರೈಪ್‌ನ ಮೊದಲ ತಲೆಮಾರಿನ ಎಪಿಐ 500ರ ದೋಷಗಳನ್ನೂ ಹೀಗೆ ಉಳಿಸಿಟ್ಟು ಮರಳಿಸುತ್ತದೆ. ಚಂದಾದಾರರು ಹಣ ತುಂಬಿ ಮತ್ತೆ ಬಂದಾಗ ಅದು ಹೊಸ ಉದ್ದೇಶ, ಹೊಸ ಕೀ.

ತಿಂಗಳ ನವೀಕರಣ

ತಾನಾಗಿ ನಡೆಯುವ ನವೀಕರಣದಲ್ಲಿ ಗುಂಡಿ ಒತ್ತುವವರಿಲ್ಲ. ರಾತ್ರಿ ಓಡುವ ಪ್ರೋಗ್ರಾಂ ಸಾವಿರಾರು ಖಾತೆಗಳಿಗೆ ಕೋರಿಕೆ ಕಳಿಸುತ್ತದೆ. ಅದು ಅರ್ಧಕ್ಕೆ ನಿಂತು ಮತ್ತೆ ಶುರುವಾಗಬಹುದು, ಎರಡು ಯಂತ್ರಗಳಲ್ಲಿ ಒಟ್ಟಿಗೇ ಓಡಬಹುದು. ಇಲ್ಲಿ ಯಾದೃಚ್ಛಿಕ ಕೀ ಕೆಲಸಕ್ಕೆ ಬಾರದು. ಯಾರು ಲೆಕ್ಕ ಹಾಕಿದರೂ ಒಂದೇ ಬರುವಂತೆ ಚಂದಾ ಸಂಖ್ಯೆ ಮತ್ತು ಬಿಲ್ಲಿನ ಅವಧಿಯಿಂದ ಕೀ ಕಟ್ಟಬೇಕು: `renew-4172-2025-07-a1`. ಕೊನೆಯ `a1` ಯತ್ನದ ಕ್ರಮಾಂಕ. ಬ್ಯಾಂಕು ಖಚಿತವಾಗಿ ನಿರಾಕರಿಸಿದ ಮೇಲೆ ಮಾತ್ರ ಅದು `a2` ಆಗಬೇಕು. ಉತ್ತರ ಬಾರದ್ದನ್ನೂ ನಿರಾಕರಣೆಯೆಂದೇ ಎಣಿಸಿ ಕ್ರಮಾಂಕ ಏರಿಸಿದರೆ ಇಷ್ಟೆಲ್ಲ ಕಟ್ಟಿದ್ದು ವ್ಯರ್ಥ. ಯುಪಿಐ ಆಟೋಪೇನಲ್ಲಿ ಒಂದು ಕಡಿತಕ್ಕೆ ಒಂದು ಯತ್ನ, ಮೇಲೆ ಮೂರು ಮರುಯತ್ನ ಮಾತ್ರ ಎಂದು ಎನ್‌ಪಿಸಿಐ 2025ರ ಆಗಸ್ಟ್ 1ರಿಂದ ಮಿತಿ ಹಾಕಿದೆ. ಅದು ಜಾಲದ ಹೊರೆ ಇಳಿಸುವ ಕ್ರಮ. ಇಮ್ಮಡಿ ಕಡಿತವನ್ನು ತಡೆಯುವ ಹೊಣೆ ಕೀಗಳದ್ದೇ.

ಕೀಯನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು? ಸ್ಟ್ರೈಪ್‌ನ ಮೊದಲ ತಲೆಮಾರಿನ ಎಪಿಐ ಕನಿಷ್ಠ 24 ಗಂಟೆ ಇಡುತ್ತದೆ. ಗುಂಡಿ ಒತ್ತುವ ಪಾವತಿಗೆ ಅಷ್ಟು ಸಾಕು. ಶುಕ್ರವಾರ ರಾತ್ರಿ ಕೆಟ್ಟು ಸೋಮವಾರ ಬೆಳಿಗ್ಗೆ ಮತ್ತೆ ಓಡಿಸಿದ ನವೀಕರಣದ ಪ್ರೋಗ್ರಾಮಿಗೆ ಸಾಲದು. ಆದ್ದರಿಂದ ಚಂದಾ ವ್ಯವಸ್ಥೆಗಳು ತಮ್ಮ ಬಿಲ್ಲಿನ ಪಟ್ಟಿಯಲ್ಲೇ ಚಂದಾ ಸಂಖ್ಯೆ ಮತ್ತು ಅವಧಿಯ ಜೋಡಿ ಎರಡು ಸಲ ಬಾರದಂತೆ ಶಾಶ್ವತ ನಿಯಮ ಇಡುತ್ತವೆ.

ಮಿತಿ ಮತ್ತು ಪತ್ತೆ

ಯುಪಿಐಯಲ್ಲಿ ಈ ಪದ್ಧತಿ ತಲುಪದ ಒಂದು ಜಾಗವಿದೆ. ಅಲ್ಲಿ ಹಣ ಕಳಿಸುವುದು ಗ್ರಾಹಕರದೇ ಆ್ಯಪು, ಪಿನ್ ಹಾಕುವುದು ಗ್ರಾಹಕರೇ. ಮೊದಲನೆಯದು ‘ಬಾಕಿ’ ಎಂದು ತೋರಿಸಿತೆಂದು ಅವರು ಬೇರೊಂದು ಆ್ಯಪಿನಿಂದ ಅದೇ ಬಿಲ್ ಕಟ್ಟಿದರೆ, ಬ್ಯಾಂಕಿನ ಪಾಲಿಗೆ ಅವು ಎರಡು ಪ್ರತ್ಯೇಕ ವ್ಯವಹಾರಗಳು. ಪಾವತಿ ಕೊಂಡಿಯ `tr` ಎಂಬ ಉಲ್ಲೇಖ ಸಂಖ್ಯೆ ಎರಡರಲ್ಲೂ ಒಂದೇ ಇದ್ದ ಮಾತ್ರಕ್ಕೆ ಎರಡನೆಯದು ತಾನಾಗಿ ನಿಲ್ಲುತ್ತದೆಂದು ಕೂರುವಂತಿಲ್ಲ. ಆ ಸಂಖ್ಯೆಯಿಂದ ಜೋಡಿಯನ್ನು ಗುರುತಿಸಿ ಒಂದನ್ನು ಮರುಪಾವತಿಸಬೇಕು. ಕಡಿತವಾಗಿಯೂ ವ್ಯಾಪಾರಿಗೆ ದೃಢೀಕರಣ ತಲುಪದ ಯುಪಿಐ ಪಾವತಿಯನ್ನು ಐದು ದಿನದೊಳಗೆ (ಟಿ+5) ಮರಳಿಸಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲಿ ಆದೇಶಿಸಿದೆ. ಆದರೆ ಎರಡೂ ಯಶಸ್ವಿಯಾದ ಜೋಡಿ ‘ವಿಫಲ ವ್ಯವಹಾರ’ವೇ ಅಲ್ಲ, ಅದನ್ನು ಕಂಡುಹಿಡಿಯುವ ಕೆಲಸ ಸೇವೆ ಕೊಡುವವರ ಮೇಲೆಯೇ ಬೀಳುತ್ತದೆ. ಗೇಟ್‌ವೇಯಿಂದ ಬಂದ ಸೆಟಲ್‌ಮೆಂಟ್ ಕಡತವನ್ನು ದಿನವೂ ಬಿಲ್ಲುಗಳ ಜೊತೆ ತಾಳೆ ನೋಡಿದರೆ ಸಿಕ್ಕಿಬೀಳುತ್ತದೆ:

```sql
SELECT subscription_id, billing_period, count(*)
FROM captured_payment
GROUP BY subscription_id, billing_period
HAVING count(*) > 1;
```

ಈ ಪ್ರಶ್ನೆಗೆ ಬರುವ ಒಂದೊಂದು ಸಾಲೂ ಒಂದು ಮರುಪಾವತಿ, ಜೊತೆಗೆ ಒಂದು ತನಿಖೆ. ಎರಡೂ ಪಾವತಿಗಳಿಗೆ ಕೀ ಬೇರೆ ಬೇರೆ ಇದ್ದರೆ ದೋಷ ಆ್ಯಪಿನಲ್ಲಿ ಅಥವಾ ಕ್ರಮಾಂಕ ಏರಿಸಿದ ಕಡೆ. ಕೀ ಒಂದೇ ಇದ್ದರೆ ಸರ್ವರ್ ಮತ್ತು ಗೇಟ್‌ವೇ ನಡುವೆ. ಎರಡನೆಯದಕ್ಕೆ ಕೀಯೇ ಇಲ್ಲದಿದ್ದರೆ ಅದು ಗ್ರಾಹಕರು ಹೊರಗಿನಿಂದ ಕಟ್ಟಿದ್ದು.

ಬಿಡುಗಡೆಗೆ ಮೊದಲು ಪರೀಕ್ಷಿಸುವಾಗ ಹಲವರು ಲಿನಕ್ಸಿನ `netem` ಬಳಸಿ ಪ್ಯಾಕೆಟ್‌ಗಳಲ್ಲಿ ಐದರಲ್ಲೊಂದನ್ನು ಬೀಳಿಸಿ ನೋಡುತ್ತಾರೆ. ಟಿಸಿಪಿ ಬಿದ್ದದ್ದನ್ನು ತಾನೇ ಮತ್ತೆ ಕಳಿಸಿ ತುಂಬಿಕೊಡುವುದರಿಂದ ಇದರಲ್ಲಿ ಹೆಚ್ಚಾಗಿ ವಿಳಂಬವಷ್ಟೇ ಕಾಣುತ್ತದೆ, ದೋಷ ಅಡಗಿಯೇ ಇರುತ್ತದೆ. ಬೇಕಾದದ್ದು ಗುರಿಯಿಟ್ಟ ಹೊಡೆತ: ಸಾಲು ಕಮಿಟ್ ಆದ ಕೂಡಲೇ ಸರ್ವರನ್ನು ಕೊಲ್ಲುವುದು, ಗೇಟ್‌ವೇ ಉತ್ತರ ಬಂದು ಬರೆಯುವ ಮೊದಲು ಕೊಲ್ಲುವುದು, ಬರೆದ ಮೇಲೆ ಫೋನಿಗೆ ಹೋಗುವ ಸಂಪರ್ಕವನ್ನು ಕಡಿಯುವುದು. ಪ್ರತಿ ಸಲವೂ ಅದೇ ಕೀಯೊಡನೆ ಮತ್ತೆ ಕಳಿಸಿ, ಗೇಟ್‌ವೇಯ ಪರೀಕ್ಷಾ ಖಾತೆಯಲ್ಲಿ ಎಷ್ಟು ಕಡಿತ ದಾಖಲಾಗಿದೆ ಎಂದು ಎಣಿಸಬೇಕು.